ಬಳೆಯೊಳಗಿನ ಗಾಳಿ

ಇದನ್ನು ಬರೆಯಬೇಕು ಎಂದುಕೊಂಡು ನಾಲ್ಕು ವರ್ಷದ ಮೇಲಾಯಿತು. ಪ್ರತಿ ಸಲ ಪೆನ್ನು ಹಿಡಿದಾಗ ಕಣ್ಣಿನ ಆಪರೇಷನ್, ಮೊಮ್ಮಗಳ ಪರೀಕ್ಷೆ, ಸೊಸೈಟಿಯ ಮೀಟಿಂಗ್ ಎಂದು ಏನಾದರೊಂದು ನೆಪ ಸಿಗುತ್ತಿತ್ತು. ಈಗ ಕಣ್ಣು ಸರಿಯಾಗಿದೆ, ಮೊಮ್ಮಗಳು ಪಾಸಾಗಿದ್ದಾಳೆ, ಮೀಟಿಂಗಿಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಹೈಸ್ಕೂಲಿನ ತನಕ. ಉಡುಪಿ ಕಡೆಯ ಅಕ್ಕಸಾಲಿಗರ ಮನೆಯವನು. ಹದಿನೇಳನೆಯ ವಯಸ್ಸಿಗೆ ಠಾಣೆಗೆ ಬಂದೆ. ಕೋಪರಿಯಲ್ಲಿ ಸ್ಟೇಷನ್ನಿಗೆ ತಾಗಿದಂತಿದ್ದ ಒಂದು ಓಣಿಯಲ್ಲಿ, ಬಂಗಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಊದುಕೊಳವೆ ಹಿಡಿದು ಮೂವತ್ತು ವರ್ಷ ಕೂತೆ. ಕೈಕೆಲಸದ ಬಳೆಗಳ ಕಾಲ ಮುಗಿದು ಮೆಷಿನ್ನಿನ ಬಳೆಗಳು ಬಂದ ಮೇಲೆ ಅಂಗಡಿಯವರಿಗೆ ನನ್ನ ಅಗತ್ಯವಿರಲಿಲ್ಲ. ಆಗ ಡೊಂಬಿವ್ಲಿ ಈಸ್ಟಿನಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಒಂದು ಕಂಪನಿಯ ಶಾಖೆ ತೆರೆಯಿತು. ಒಡವೆ ಪರೀಕ್ಷೆ ಮಾಡುವವರು ಬೇಕಾಗಿದ್ದರು. ಅಪ್ರೈಸರ್ ಎಂದು ಬರೆದ ಒಂದು ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿ, ಎ.ಸಿ. ಇರುವ ಹಾಲಿನಲ್ಲಿ ಗಾಜಿನ ಹಿಂದೆ ನನ್ನನ್ನು ಕೂರಿಸಿದರು. ಅಲ್ಲಿಯವರೆಗೆ ನನ್ನನ್ನು ಯಾರೂ ಬಿಲ್ಲೆಯ ಮನುಷ್ಯ ಎಂದು ನೋಡಿರಲಿಲ್ಲ.

ಆ ಕೆಲಸದಲ್ಲಿ ನನಗೆ ಕೊನೆಯ ದಿನದವರೆಗೂ ಬೆರಗು ಹೋಗಲಿಲ್ಲ. ಬಳೆಯ ಅಂಚನ್ನು ಒರೆಗಲ್ಲಿನ ಮೇಲೆ ಒಂದು ಸಲ ಎಳೆಯುತ್ತೇವೆ. ಕೂದಲಿನಷ್ಟು ಸಣ್ಣ ಗೆರೆ. ಅದರ ಪಕ್ಕದಲ್ಲಿ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಆಸಿಡ್ಡಿನ ಹನಿ. ಹಿತ್ತಾಳೆಯಾದರೆ ಗೆರೆ ಕುದಿದು ಮಾಯವಾಗುತ್ತದೆ, ಕಡಿಮೆ ಕ್ಯಾರೆಟ್ಟಾದರೆ ಮಾಸುತ್ತದೆ, ಒಳ್ಳೆಯದಾದರೆ ಕಲ್ಲಿನ ಮೇಲೆ ನಿಂತು ನಮ್ಮನ್ನೇ ನೋಡುತ್ತದೆ. ಒಬ್ಬ ಹೆಂಗಸು ಇಪ್ಪತ್ತು ವರ್ಷ ಕೈಗೆ ಹಾಕಿಕೊಂಡದ್ದರ ಸತ್ಯ ಒಂದು ಗೆರೆಯಲ್ಲಿ ಹೊರಬರುತ್ತದೆ. ನೂರಾರು ಸಲ ಮಾಡಿದರೂ ಆ ಹನಿ ಬೀಳುವಾಗ ನಾನು ಉಸಿರು ಹಿಡಿಯುತ್ತಿದ್ದೆ.

ಕಲ್ಲು ಹೇಳುವುದು ಮೈಮೇಲಿನ ಚಿನ್ನದ ಮಾತು ಮಾತ್ರ. ಒಳಗೆ ಏನಿದೆ ಎಂದು ಅಪ್ರೈಸರ್ ಹೇಳಬೇಕು. ಹರಳು ಇದ್ದರೆ ಹರಳಿನ ತೂಕ ಕಳೆಯಬೇಕು. ದಾರ, ಮೇಣ, ಮಣಿ, ಅರಗು ಎಲ್ಲ ಕಳೆಯಬೇಕು. ಕೂಲಿ, ವೇಸ್ಟೇಜು ಎಂದು ಅಂಗಡಿಯಲ್ಲಿ ಕೊಟ್ಟ ದುಡ್ಡು ಇಲ್ಲಿ ಲೆಕ್ಕಕ್ಕಿಲ್ಲ. ಉಳಿಯುವ ನಿವ್ವಳ ಚಿನ್ನಕ್ಕೆ ಬೆಲೆ ಕಟ್ಟುವುದು ಇಪ್ಪತ್ತೆರಡು ಕ್ಯಾರೆಟ್ಟಿನ ಹಿಂದಿನ ಮೂವತ್ತು ದಿನಗಳ ಸರಾಸರಿ ದರದಲ್ಲಿ. ಅದಕ್ಕಿಂತ ಕಡಿಮೆ ಕ್ಯಾರೆಟ್ಟಾದರೆ ಆ ಪ್ರಮಾಣಕ್ಕೆ ಇಳಿಸಿ. ಹಾಗೆ ಕಟ್ಟಿದ ಬೆಲೆಯಲ್ಲಿ ನೂರಕ್ಕೆ ಎಪ್ಪತ್ತೈದರ ತನಕ ಸಾಲ, ಅದರ ಮೇಲೆ ಒಂದು ರೂಪಾಯಿಯೂ ಕೊಡುವಂತಿಲ್ಲ. ಇದು ಕಂಪನಿಯ ಮನಸ್ಸಿಗೆ ಬಂದದ್ದಲ್ಲ, ರಿಸರ್ವ್ ಬ್ಯಾಂಕಿನ ಕಟ್ಟಳೆ.

ಇಷ್ಟರಲ್ಲಿ ಅಪ್ರೈಸರಿನ ಕೈಯಲ್ಲಿ ಇರುವುದು ಒಂದೇ ಅಂಕಿ, ಕಳೆಯುವ ಅಂಕಿ. ಆ ಅಂಕಿಯ ವಿಷಯದಲ್ಲಿ ನಮ್ಮ ಕಸುಬಿನವರೆಲ್ಲರಿಗೂ ಒಂದು ರೋಗ ಉಂಟು. ಕಡಿಮೆ ಕಳೆದು ನಾಳೆ ಚಿನ್ನ ಕಡಿಮೆ ಬಂದರೆ ನಷ್ಟ ಅಪ್ರೈಸರಿನ ತಲೆಗೆ. ಹೆಚ್ಚು ಕಳೆದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಸಂಶಯ ಬಂದಾಗ ನಮ್ಮ ಕೈ ತಾನಾಗಿಯೇ ಹೆಚ್ಚು ಕಳೆಯುತ್ತದೆ. ಅದನ್ನು ನಾವು ಜಾಗ್ರತೆ ಎಂದು ಕರೆಯುತ್ತಿದ್ದೆವು.

ಎರಡು ಸಾವಿರದ ಹದಿನೈದರ ಆಸುಪಾಸು. ಒಂದು ಸೋಮವಾರ, ಶಾಖೆಯಲ್ಲಿ ತುಂಬ ಜನ. ಇಬ್ಬರು ಹೆಂಗಸರು ನನ್ನ ಗಾಜಿನ ಮುಂದೆ ಬಂದು ಕೂತರು. ಒಬ್ಬರಿಗೆ ಎಪ್ಪತ್ತರ ಮೇಲೆ, ಕಾಟನ್ ಸೀರೆ, ತಲೆಗೆ ಎಣ್ಣೆ ಹಾಕಿ ಬಿಗಿದ ಸಣ್ಣ ತುರುಬು. ಜೊತೆಗೆ ಅವರ ಸೊಸೆ, ಚೂಡಿದಾರ, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಆಧಾರ್, ರೇಷನ್ ಕಾರ್ಡು. ಸೊಸೆ ಹಿಂದಿಯಲ್ಲಿ ಶುರು ಮಾಡಿದಳು. ನನ್ನ ಹಿಂದಿಯ ಎಳೆತ ಕೇಳಿ ಮುದುಕಿ ನಕ್ಕರು.

"ನೀವು ನಮ್ಮ ಕಡೆಯವರಾ?"

"ಹೌದು ಅಮ್ಮ. ಉಡುಪಿ ಹತ್ತಿರ."

"ಆಚಾರ್ರಾ?"

"ಹೌದು."

"ದೇವರು ದೊಡ್ಡವ," ಎಂದು ಸೊಸೆಯ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ, ಎಲ್ಲಿ ಹೋದ್ರೂ ನಮ್ಮವರೊಬ್ರು ಇರ್ತಾರೆ ಅಂತ."

ಊರ ಕಡೆ ಅಕ್ಕಸಾಲಿಗರನ್ನು ಕರೆಯುವ ಹಾಗೆ, ಅಂದಿನಿಂದ ಅವರಿಗೆ ನಾನು ಆಚಾರ್ರು.

ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಎರಡು ಬಳೆ ತೆಗೆದರು. ಹಳೆಯ ಕಾಲದ ದುಂಡು ಬಳೆ, ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣ. ಮಗ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಪಕ್ಕ ಒಂದು ಕ್ಯಾಂಟೀನ್ ಹಿಡಿಯುತ್ತಿದ್ದ. ಡಿಪಾಸಿಟ್ಟಿಗೆ ಎಪ್ಪತ್ತೈದು ಸಾವಿರ ಬೇಕಿತ್ತು.

ನಾನು ತೂಗಿದೆ. ಎರಡೂ ಸೇರಿ ನಲವತ್ತೆರಡು ಗ್ರಾಮ್. ಕಲ್ಲಿಗೆ ಎಳೆದೆ. ಗೆರೆ ಇಪ್ಪತ್ತೆರಡು ಕ್ಯಾರೆಟ್ಟಿಗೆ ಕೂದಲೆಳೆಯೂ ಕಡಿಮೆ ಇಲ್ಲದೆ ನಿಂತಿತು. ಆಮೇಲೆ ಬೆಸುಗೆಯ ಜಾಗ ಹುಡುಕಿದೆ. ಅದರ ಹತ್ತಿರ, ಒಳಮೈಯಲ್ಲಿ, ಒಂದೊಂದು ಸಣ್ಣ ತೂತು. ಅಂಥ ದುಂಡು ಬಳೆಯನ್ನು ತಗಡು ಸುತ್ತಿ ಮಾಡುತ್ತಾರೆ. ತಗಡು ತೆಳುವಾದರೆ ನಜ್ಜಾಗದ ಹಾಗೆ ಒಳಗೆ ಅರಗು ತುಂಬುತ್ತಾರೆ. ತೂತು ಇರುವುದು ಅದಕ್ಕೆ. ನಾನು ಸೂಜಿ ಹಾಕಿದೆ. ತೂತಿನ ಬಾಯಲ್ಲೇ ಕಪ್ಪಾದ ಗಟ್ಟಿ ವಸ್ತು ತಡೆಯಿತು.

"ಅಮ್ಮ, ಒಳಗೆ ಅರಗು ಉಂಟು."

"ಇಲ್ಲ ಆಚಾರ್ರೇ. ಅರಗಿಲ್ಲ. ಗಾಳಿ ಮಾತ್ರ."

"ಎಂತ ಗಾಳಿ?"

"ತೀರಿಹೋದ ನಮ್ಮ ಯಜಮಾನ್ರು ಮಾಡಿಸುವಾಗ ಎದುರಲ್ಲೇ ಕೂತು ಮಾಡಿಸಿದ್ದು. ಅಂಬರನಾಥದಲ್ಲಿ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ದೋಸೆ ಹುಯ್ಯುತ್ತಿದ್ರು. ಹನ್ನೊಂದು ವರ್ಷ ಕೂಡಿಟ್ಟು ಮಾಡಿಸಿದ್ದು. ನನ್ನ ಕೈಗೆ ಹಾಕುವಾಗ ಹೇಳಿದ್ರು, ತಗಡು ದಪ್ಪ ಹಾಕಿಸಿದ್ದೇನೆ, ಒಳಗೆ ಅರಗು ಹಾಕ್ಲಿಕ್ಕೆ ಬಿಡ್ಲಿಲ್ಲ, ತೂಕ ಪೂರಾ ಚಿನ್ನದ್ದು, ಒಳಗೆ ಇರೋದು ಗಾಳಿ ಅಂತ."

ಸಾಲಿನಲ್ಲಿ ಹಿಂದೆ ಕೂತವರು ಕೇಳುತ್ತಿದ್ದರು. ಒಬ್ಬ ನಕ್ಕ. ನನಗೆ ಅಲ್ಲಿ ನನ್ನ ಕೈಯ ಮಾನ ಹೋಗುತ್ತಿದೆ ಎನ್ನಿಸಿತು.

"ಅಮ್ಮ, ನಾನು ಅಪ್ಪನ ತೊಡೆಯ ಮೇಲೆ ಕೂತಾಗಿನಿಂದ ಚಿನ್ನ ಮುಟ್ಟಿದವನು. ಸೂಜಿಗೆ ಸಿಕ್ಕಿದ್ದು ಅರಗು. ನಿಮ್ಮ ಯಜಮಾನರಿಗೆ ಅಕ್ಕಸಾಲಿ ಟೋಪಿ ಹಾಕಿರಬೇಕು. ಇಲ್ಲದಿದ್ರೆ ಅವರೇ ನಿಮಗೆ ಚಂದಕ್ಕೆ ಹೇಳಿರಬೇಕು."

ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ನೋಡಿ ಅತ್ತೆ. ಮಾವನವರ ಕತೆ ಮದುವೆಯಾದ ದಿನದಿಂದ ಕೇಳ್ತಾ ಇದ್ದೇನೆ."

ಮುದುಕಿ ಬಳೆಯನ್ನು ಒಮ್ಮೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೆ ತಟ್ಟೆಯಲ್ಲಿಟ್ಟರು.

ತೂಕದಿಂದಾಗಲಿ ಕೈಯ ಭಾರದಿಂದಾಗಲಿ ಅದು ಗೊತ್ತಾಗುವಂಥದ್ದಲ್ಲ. ದಪ್ಪ ತಗಡಿನ ಪೊಳ್ಳು ಬಳೆ, ತೆಳು ತಗಡಿನ ಅರಗಿನ ಬಳೆ, ಎರಡೂ ಒಂದೇ ಗಾತ್ರ, ಒಂದೇ ತೂಕ ಇರಬಹುದು. ತಿಳಿಯುವ ದಾರಿ ತೂತೊಂದೇ. ಆದರೆ ಪೊಳ್ಳು ಬಳೆಗೂ ತೂತು ಇರುತ್ತದೆ, ಬೆಸುಗೆ ಹಾಕುವಾಗ ಒಳಗಿನ ಬಿಸಿ ಗಾಳಿ ಹೊರಬರಲಿಕ್ಕೆ. ನಾನೇ ಅಂಥ ತೂತುಗಳನ್ನು ಎಷ್ಟು ಕೊರೆದಿದ್ದೇನೆ. ಬಾಯಲ್ಲಿ ಗಟ್ಟಿಯಾಗಿ ಸಿಕ್ಕಿದ್ದನ್ನು ತೆಗೆದು ನೋಡಬೇಕಿತ್ತು. ಐದು ನಿಮಿಷದ ಕೆಲಸ. ಹಿಂದೆ ಎಂಟು ಜನ ಕಾಯುತ್ತಿದ್ದರು. ನಾನು ಪುಸ್ತಕದಲ್ಲಿ ಬರೆದೆ: ಅರಗು ಹತ್ತು ಗ್ರಾಮ್, ನಿವ್ವಳ ಮೂವತ್ತೆರಡು.

ಆಗ ಸರಾಸರಿ ದರ ಗ್ರಾಮಿಗೆ ಸುಮಾರು ಎರಡೂವರೆ ಸಾವಿರ. ಮೂವತ್ತೆರಡು ಗ್ರಾಮಿಗೆ ಎಂಬತ್ತು ಸಾವಿರ. ಅದರ ಮುಕ್ಕಾಲು ಅರವತ್ತು ಸಾವಿರ. ನಲವತ್ತೆರಡು ಎಂದು ಬರೆದಿದ್ದರೆ ಎಪ್ಪತ್ತೆಂಟು ಸಾವಿರದ ತನಕ ಸಿಗುತ್ತಿತ್ತು.

ನಮ್ಮ ಮ್ಯಾನೇಜರು ಮೈಸೂರಿನ ಹುಡುಗ, ಮೂವತ್ತೊಂದು ವಯಸ್ಸು, ಕಾಮರ್ಸ್ ಓದಿದವನು. ಒಳ್ಳೆಯವನು. ಅವನು ಕೂತು ಅವರಿಗೆ ಕನ್ನಡದಲ್ಲಿ ಬಡ್ಡಿ ವಿವರಿಸಿದ.

"ಅಜ್ಜಿ, ಬೆಲೆಯ ನೂರಕ್ಕೆ ಅರವತ್ತರೊಳಗೆ ಸಾಲ ತಗೊಂಡ್ರೆ ವರ್ಷಕ್ಕೆ ಹದಿನೈದು ಪರ್ಸೆಂಟು. ಪೂರ್ತಿ ಎಪ್ಪತ್ತೈದು ಎತ್ತಿದ್ರೆ ಇಪ್ಪತ್ನಾಲ್ಕು. ನೀವು ಪೂರ್ತಿ ಕೇಳ್ತಾ ಇದ್ದೀರ, ಅದಕ್ಕೇ ತಿಂಗಳಿಗೆ ಸಾವಿರದ ಇನ್ನೂರು ಬಡ್ಡಿ ಬರುತ್ತೆ. ತಿಂಗಳು ತಿಂಗಳು ಕಟ್ಟಿ. ಕಟ್ಟದೆ ಬಿಟ್ರೆ ಬಡ್ಡಿ ಅಸಲಿಗೆ ಸೇರಿ ಬಡ್ಡಿಗೂ ಬಡ್ಡಿ ಬೀಳುತ್ತೆ. ಅವಧಿ ಹನ್ನೆರಡು ತಿಂಗಳು."

"ಸಾಲ ತೀರ್ಸಿದ ದಿನ ಬಳೆ ಕೊಡ್ತೀರಲ್ಲ ಮಗಾ?"

"ಅದೇ ಬಳೆ ಕೊಡ್ತೀವಿ. ನಿಮ್ಮ ಎದುರಿಗೇ ಕವರಿಗೆ ಸೀಲ್ ಹಾಕ್ತೀವಿ, ನೋಡಿ."

ಇಪ್ಪತ್ತು ಗ್ರಾಮಿಗಿಂತ ಹೆಚ್ಚಾದ್ದರಿಂದ ಒಡವೆ ತನ್ನದೇ ಎಂದು ಮುದುಕಿಯ ಕೈಯಿಂದ ಬರೆಸಿಕೊಂಡೆವು. ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಕವರಿನ ಮೇಲೆ ಅರಗಿನ ಮುದ್ರೆ ಬಿತ್ತು. ಹೋಗುವಾಗ ಗಾಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆಚಾರ್ರೇ, ಸಿಟ್ಟು ಮಾಡ್ಬೇಡಿ. ಆದ್ರೆ ಗಾಳಿಯೇ ಇರೋದು."

ನಾನು ಮುಂದಿನವರ ಚೈನು ಕೈಗೆತ್ತಿಕೊಂಡೆ.

ಒಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಅರವತ್ತು ಸಾವಿರವೆಂದರೆ ನಲವತ್ತೆರಡು ಗ್ರಾಮಿನ ಬೆಲೆಯಲ್ಲಿ ನೂರಕ್ಕೆ ಐವತ್ತೇಳು ಮಾತ್ರ. ಅಂದರೆ ಅದೇ ಸಾಲಕ್ಕೆ ಅವರು ಹದಿನೈದರ ಬಡ್ಡಿ ಕಟ್ಟಬಹುದಿತ್ತು, ತಿಂಗಳಿಗೆ ಏಳುನೂರ ಐವತ್ತು. ನಾನು ಬರೆದ ಒಂದು ಅಂಕಿ ಸಾಲವನ್ನು ಕಡಿಮೆ ಮಾಡಿತು, ಬಡ್ಡಿಯನ್ನು ಹೆಚ್ಚು ಮಾಡಿತು.

ಸೊಸೆ ನಾಲ್ಕು ತಿಂಗಳು ಸರಿಯಾಗಿ ಬಂದು ಬಡ್ಡಿ ಕಟ್ಟಿದಳು. ಹದಿನೈದು ಸಾವಿರ ಕೈಸಾಲ ಮಾಡಿ ಡಿಪಾಸಿಟ್ ತುಂಬಿದ್ದರಂತೆ. ಐದನೆಯ ತಿಂಗಳು ಕ್ಯಾಂಟೀನಿನ ಜಾಗವನ್ನು ಮಾಲೀಕ ಬೇರೆಯವರಿಗೆ ಕೊಟ್ಟ. ಮಗ ಪನ್ವೇಲಿನ ಒಂದು ಹೋಟೆಲಿನಲ್ಲಿ ಸಂಬಳಕ್ಕೆ ಸೇರಿದ. ಆಮೇಲೆ ಬಡ್ಡಿ ಬರಲಿಲ್ಲ. ವರ್ಷ ತುಂಬಿತು. ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಹೋಯಿತು, ಮತ್ತೊಂದು ಹೋಯಿತು. ಆಮೇಲೆ ಎರಡು ಪತ್ರಿಕೆಗಳಲ್ಲಿ, ಒಂದು ಮರಾಠಿ, ಒಂದು ಇಂಗ್ಲಿಷು, ಹರಾಜಿನ ಪ್ರಕಟಣೆ. ಸಾಲದ ನಂಬರುಗಳ ಉದ್ದ ಪಟ್ಟಿಯಲ್ಲಿ ಅವರದೂ ಒಂದು.

ಹರಾಜಿನ ಹಿಂದಿನ ವಾರ ಕವರುಗಳನ್ನು ತೆಗೆದು ಮತ್ತೆ ತೂಗಿ ನೋಡುವ ಕೆಲಸ ಇರುತ್ತದೆ. ಸೀಲು ಒಡೆಯುವಾಗ ಕ್ಯಾಷಿಯರ್ ಜೊತೆಗಿರಬೇಕು. ಅವಳು ತನ್ನ ಮೇಜಿನ ಮೇಲೆ ಪಟ್ಟಿ ಹಿಡಿದು ನಂಬರು ಓದುತ್ತಿದ್ದಳು. ಬಿಡ್ ಹಾಕುವವರು ನೋಡಲಿಕ್ಕೆ ಬರುತ್ತಾರೆಂದು ಕೊಳೆ ಹಿಡಿದ ಒಡವೆಗಳನ್ನು ಅಂಟುವಾಳದ ನೀರಿನಲ್ಲಿ ಹಾಕಿ ಬ್ರಷ್ಷಿನಿಂದ ಉಜ್ಜುವುದು ನನ್ನ ಹಳೆಯ ಅಭ್ಯಾಸ. ಯಾರೂ ಹೇಳಿದ್ದಲ್ಲ. ಕೊಳೆಯಾದ ಚಿನ್ನವನ್ನು ಇನ್ನೊಬ್ಬರ ಎದುರು ಇಡಲಿಕ್ಕೆ ನನಗೆ ಆಗುತ್ತಿರಲಿಲ್ಲ.

ಆ ಬಳೆಗಳನ್ನು ಸ್ಟೀಲಿನ ಬಟ್ಟಲಿನ ಬಿಸಿನೀರಿನಲ್ಲಿ ಮುಳುಗಿಸಿದೆ. ಬೆಸುಗೆಯ ಹತ್ತಿರ ಬ್ರಷ್ ಆಡಿಸಿದೆ. ತೂತಿನ ಬಾಯಿಂದ ಕಪ್ಪು ಬಿಲ್ಲೆಯಂಥದ್ದು ಎದ್ದು ನೀರಿನಲ್ಲಿ ಕರಗಿತು. ಅರಿಸಿನ, ಸಾಬೂನು, ಹಿಟ್ಟು, ಬೆವರು, ನಲವತ್ತು ವರ್ಷದ ಅಡುಗೆಮನೆ. ಅರಗು ಬೆಚ್ಚಗಿನ ನೀರಿಗೆ ಹಾಗೆ ಕರಗುವುದಿಲ್ಲ.

ಆಮೇಲೆ ಗುಳ್ಳೆ ಬಂತು.

ಒಂದು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಸಾಲಾಗಿ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ದಾರ ಪೋಣಿಸಿದ ಹಾಗೆ ಮೇಲೇರಿ ನೀರಿನ ಮೇಲೆ ಒಡೆಯುತ್ತಿದ್ದವು. ನಾನು ಬ್ರಷ್ ಕೆಳಗಿಟ್ಟೆ. ಜೀವಮಾನದಲ್ಲಿ ನೋಡಿದ ಚಿನ್ನದಲ್ಲಿ, ವಜ್ರದಲ್ಲಿ, ಗುಡಿಯ ಕಿರೀಟದಲ್ಲಿ ನನಗೆ ಅಂಥ ರೋಮಾಂಚನ ಆದದ್ದಿಲ್ಲ. ಒಬ್ಬ ದೋಸೆ ಹುಯ್ಯುವವನು ಅಕ್ಕಸಾಲಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಅರಗು ಹಾಕಬೇಡಿ ಎಂದು ಹಟ ಹಿಡಿದು, ಹೆಂಡತಿಗಾಗಿ ಒಳಗೆ ಇಡಿಸಿದ್ದು ಬರೀ ಗಾಳಿ. ಆ ದಿನದ ಅಂಬರನಾಥದ ಗಾಳಿ. ಮನುಷ್ಯ ಸತ್ತು ಎಷ್ಟೋ ವರ್ಷವಾಗಿತ್ತು, ಅವನ ಮಾತು ನನ್ನ ಬಟ್ಟಲಿನಲ್ಲಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತಿತ್ತು. ನಾನು ಎರಡನೆಯ ಬಳೆಯನ್ನೂ ಉಜ್ಜಿದೆ. ಅದರಿಂದಲೂ ಬಂತು.

ನೀರು ಹೊಕ್ಕ ಬಳೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ನೀರು ಕುಲುಕಾಡಿತು. ಆ ಮುದುಕಿ ಅಂದು ಮಾಡಿದ ಹಾಗೆಯೇ ಮಾಡುತ್ತಿದ್ದೇನೆ ಎಂದು ಆಗ ನೆನಪಾಯಿತು.

"ಅಂಕಲ್, ಏನಾಯ್ತು?" ಕ್ಯಾಷಿಯರ್ ಪಟ್ಟಿಯಿಂದ ತಲೆಯೆತ್ತಿದಳು.

"ಏನಿಲ್ಲ," ಎಂದೆ.

ಮಾಡಬೇಕಾದ ಕೆಲಸ ಚಿಕ್ಕದಿತ್ತು. ಮ್ಯಾನೇಜರಿನ ಕೋಣೆ ಹನ್ನೆರಡು ಹೆಜ್ಜೆ ದೂರ. ಹೋಗಿ, ನಾನು ತಪ್ಪು ಬರೆದಿದ್ದೇನೆ, ನಿವ್ವಳ ನಲವತ್ತೆರಡು ಎಂದರೆ ಮುಗಿಯುತ್ತಿತ್ತು. ಹೆಡ್ ಆಫೀಸಿಗೆ ಒಂದು ಕಾಗದ ಹೋಗುತ್ತಿತ್ತು, ನನ್ನ ಹೆಸರಿನ ಎದುರು ಒಂದು ಟಿಪ್ಪಣಿ ಬೀಳುತ್ತಿತ್ತು. ಗುತ್ತಿಗೆಯ ಕೆಲಸ, ಮುದುಕನ ಕೆಲಸ, ಹೋದರೂ ಹೋಗಬಹುದಿತ್ತು. ಆದರೆ ನಾನು ಕೆಲಸಕ್ಕೆ ಹೆದರಿದೆ ಎಂದರೆ ಅದು ಅರ್ಧ ಸುಳ್ಳು. ಠಾಣೆಯಿಂದ ಕಲ್ಯಾಣದ ತನಕ ನನ್ನ ಕೈಗೆ ಒಂದು ಹೆಸರಿತ್ತು. ಅರಗಿಗೂ ಅಡುಗೆಮನೆಯ ಕೊಳೆಗೂ ವ್ಯತ್ಯಾಸ ತಿಳಿಯದವನು ಎಂದು ಆ ಹುಡುಗನ ಎದುರು ಹೇಳಿಕೊಳ್ಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಬಳೆಯ ಬಾಯಿಂದ ನೀರು ಜಾಡಿಸಿದೆ. ಟೇಬಲ್ ಲ್ಯಾಂಪಿನ ಕೆಳಗೆ ಒಣಗಿಸಿದೆ. ತೂಗಿದೆ. ಒಟ್ಟು ನಲವತ್ತೆರಡಕ್ಕೆ ಒಂದು ಚೂರು ಕಡಿಮೆ, ಕೊಳೆ ಹೋದದ್ದಕ್ಕೆ. ನಿವ್ವಳದ ಜಾಗದಲ್ಲಿ ಮತ್ತೆ ಮೂವತ್ತೆರಡು ಎಂದು ಓದಿ ಹೇಳಿದೆ. ಅವಳು ಟಿಕ್ ಹಾಕಿದಳು.

ಮರುದಿನ ಬೆಳಿಗ್ಗೆ ಶಾಖೆಯ ಶಟರ್ ತೆರೆಯುವಾಗ ಅತ್ತೆ ಸೊಸೆ ಮೆಟ್ಟಿಲ ಮೇಲೆ ಕೂತಿದ್ದರು. ಮುದುಕಿಯ ಕೈಯಲ್ಲಿ ನೋಟಿಸು ಮಡಚಿ ಮಡಚಿ ಸಣ್ಣದಾಗಿತ್ತು.

ಮ್ಯಾನೇಜರು ಕೂರಿಸಿ ಲೆಕ್ಕ ಹೇಳಿದ. ಅಸಲು, ಬಡ್ಡಿ, ಬಡ್ಡಿಯ ಬಡ್ಡಿ ಸೇರಿ ಎಪ್ಪತ್ಮೂರು ಸಾವಿರ. "ಅಜ್ಜಿ, ಒಂದು ದಾರಿ ಇದೆ. ಈಗ ದರ ಸ್ವಲ್ಪ ಏರಿದೆ, ಎರಡು ಸಾವಿರದ ಏಳುನೂರು. ಹಳೇ ಸಾಲ ಮುಗಿಸಿ, ಅದೇ ಬಳೆ ಮೇಲೆ ಹೊಸ ಸಾಲ ಮಾಡೋಣ. ಹೊಸದು ಅರವತ್ನಾಲ್ಕು ಸಾವಿರದ ಎಂಟುನೂರು ಬರುತ್ತೆ. ಬಾಕಿ ಎಂಟು ಸಾವಿರ ಚಿಲ್ಲರೆ ನೀವು ಕೈಯಿಂದ ಹಾಕಿದ್ರೆ ಹರಾಜು ತಪ್ಪುತ್ತೆ."

ಸೊಸೆ ಪರ್ಸಿನಿಂದ ಆರು ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟಳು. "ಮೂರು ಸಾವಿರ ಉಂಟು ಸರ್. ಇವರ ಸಂಬಳ ಆಗ್ಲಿಕ್ಕೆ ಇನ್ನು ಹದಿನೈದು ದಿನ. ಅಲ್ಲಿ ತನಕ ನಿಲ್ಸಿ."

"ಹರಾಜು ಶುಕ್ರವಾರ ಅಕ್ಕ. ಪೇಪರಲ್ಲಿ ಬಂದಾಗಿದೆ. ನನ್ನ ಕೈಯಲ್ಲಿದ್ರೆ ಮಾಡ್ತಿದ್ದೆ."

"ಯಾರ ಕೈಯಲ್ಲಿ ಉಂಟು ಹಾಗಾದ್ರೆ?"

ಅವನಿಗೆ ಉತ್ತರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗಾಜಿನ ಹಿಂದೆ ಕೂತು ಕಲ್ಲನ್ನು ಒರೆಸುತ್ತಾ ಇದ್ದೆ. ನಲವತ್ತೆರಡು ಗ್ರಾಮಿಗೆ ಹೊಸ ಸಾಲ ಎಂಬತ್ತೈದು ಸಾವಿರ ಬರುತ್ತಿತ್ತು. ಹಳೆಯದು ತೀರಿ, ಹನ್ನೆರಡು ಸಾವಿರ ಅವರ ಕೈಗೇ ಉಳಿಯುತ್ತಿತ್ತು. ಬಳೆ ಲಾಕರಿನಲ್ಲೇ ಇರುತ್ತಿತ್ತು, ಅವರದಾಗಿಯೇ ಇರುತ್ತಿತ್ತು. ಮುದುಕಿ ನನ್ನ ಕಡೆ ತಿರುಗಿದರು.

"ಆಚಾರ್ರೇ, ನೀವೊಂದು ಮಾತು ಹೇಳಿ ನೋಡಿ. ನಮ್ಮವರಲ್ವಾ ನೀವು."

"ನಾನೆಂತ ಹೇಳೋದು ಅಮ್ಮ. ರೂಲ್ಸು," ಎಂದೆ.

ಅವರು ಮೂರು ಸಾವಿರವನ್ನು ಹಿಂದಕ್ಕೆ ತೆಗೆದುಕೊಂಡು ಹೋದರು.

ಹರಾಜು ಬೇರೆ ಊರಿನಲ್ಲಿ ಗುಟ್ಟಾಗಿ ನಡೆಯುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಸಾಲ ಕೊಟ್ಟ ಶಾಖೆ ಇರುವ ಊರಿನಲ್ಲೇ, ಇಲ್ಲವೇ ಅದೇ ತಾಲೂಕಿನಲ್ಲಿ ನಡೆಯಬೇಕು. ನಮ್ಮದು ನಮ್ಮ ಹಾಲಿನಲ್ಲೇ ನಡೆಯಿತು. ಕಂಪನಿಯವರು ತಾವೇ ಬಿಡ್ ಹಾಕುವಂತಿಲ್ಲ. ಕನಿಷ್ಠ ಬೆಲೆ ಮೂವತ್ತು ದಿನದ ಸರಾಸರಿಯ ನೂರಕ್ಕೆ ಎಂಬತ್ತೈದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮಾರಿ ಬಂದದ್ದರಲ್ಲಿ ಬಾಕಿ ಕಳೆದು ಮಿಕ್ಕಿದ್ದು ಒಡವೆಯವರದು, ಅದನ್ನು ಕರೆದು ಕೊಡಬೇಕು. ಆ ಶುಕ್ರವಾರ ಇದೆಲ್ಲ ಅಕ್ಷರಶಃ ನಡೆಯಿತು. ಎಲ್ಲೋ ಕೂತ ಯಾರೋ ಹೆಸರಿಲ್ಲದ ಜನ ಒಬ್ಬ ಬಡ ಮುದುಕಿಗೆ ಮೋಸವಾಗದಿರಲಿ ಎಂದು ಇಷ್ಟು ಬಾಗಿಲುಗಳಿಗೆ ಚಿಲಕ ಹಾಕಿದ್ದಾರಲ್ಲ ಎಂದು ನಾನು ದಂಗಾಗಿ ನೋಡುತ್ತಿದ್ದೆ. ಒಂದೇ ಬಾಗಿಲಿಗೆ ಚಿಲಕವಿರಲಿಲ್ಲ. ಅಲ್ಲಿ ನಾನು ಕೂತಿದ್ದೆ.

ಕಲ್ಯಾಣದ ಒಬ್ಬ ಒಡವೆ ವ್ಯಾಪಾರಿ, ಜವೇರಿ, ಪ್ರತಿ ಹರಾಜಿಗೂ ಬರುತ್ತಿದ್ದ. ಬಳೆಗಳನ್ನು ಎತ್ತಿ ತಿರುಗಿಸಿದ. ತೂತಿಗೆ ಕಣ್ಣು ಹಿಡಿದ. ಬಾಯಿಟ್ಟು ಮೆಲ್ಲಗೆ ಊದಿದ. ಶಿಳ್ಳೆಯಂತೆ ಸಣ್ಣ ಸದ್ದು ಬಂತು. ನನ್ನನ್ನು ನೋಡಿದ. ನಾನು ಪಟ್ಟಿ ನೋಡಿದೆ.

ಕನಿಷ್ಠ ಬೆಲೆ ಎಪ್ಪತ್ಮೂರು ಸಾವಿರದ ಚಿಲ್ಲರೆಯಿಂದ ಕೂಗು ಶುರುವಾಯಿತು. ಪಟ್ಟಿಯಲ್ಲಿದ್ದ ಮೂವತ್ತೆರಡು ಗ್ರಾಮಿನ ಬೆಲೆ ಬರುವಷ್ಟಕ್ಕೆ ಉಳಿದವರು ಸುಮ್ಮನಾದರು. ಜವೇರಿ ಎಂಬತ್ತೇಳು ಸಾವಿರಕ್ಕೆ ಒಯ್ದ. ಹೊರಗೆ ಹೋಗುವಾಗ ಗಾಜಿನ ಮೇಲೆ ಬೆರಳಿನಿಂದ ತಟ್ಟಿ, "ಕ್ಯಾ ಕಾಕಾ, ಆಜ್ ದಿವಾಲಿ ಕರಾ ದೀ," ಇವತ್ತು ಹಬ್ಬ ಮಾಡಿಸಿಬಿಟ್ಟೆ, ಎಂದು ನಕ್ಕ. ಜೊತೆಗಿದ್ದವನೂ ನಕ್ಕ. ನಾನೂ ನಕ್ಕೆ. ಆ ನಗು ಈಗಲೂ ನನ್ನ ಮುಖದಲ್ಲಿದೆಯೇ ಎಂದು ಕೆಲವು ಸಲ ಕನ್ನಡಿ ನೋಡುತ್ತೇನೆ.

ಬಾಕಿ ಮತ್ತು ಖರ್ಚು ಕಳೆದು ಹದಿಮೂರು ಸಾವಿರದಷ್ಟು ಮಿಕ್ಕಿತು. ಕಾಗದ ಹೋಯಿತು. ಎರಡು ವಾರದ ಮೇಲೆ ಮುದುಕಿ ಒಬ್ಬರೇ ಬಂದರು. ಮ್ಯಾನೇಜರು ಚೆಕ್ಕು ಕೊಟ್ಟು, ಲೆಕ್ಕದ ಹಾಳೆಯನ್ನು ಸಾಲುಸಾಲಾಗಿ ಓದಿ ತೋರಿಸಿದ. ಅವರು ಪ್ರತಿ ಸಾಲಿಗೂ ತಲೆಯಾಡಿಸಿದರು. ಒಂದು ಮಾತು ಆಕ್ಷೇಪ ಎತ್ತಲಿಲ್ಲ. ಆಮೇಲೆ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಗಾಜಿನ ಕೆಳಗಿನ ಕಿಂಡಿಯಲ್ಲಿ ನನ್ನ ಕಡೆ ತಳ್ಳಿದರು.

"ಪತ್ರೊಡೆ. ಇಲ್ಲಿ ಕೆಸುವಿನ ಎಲೆ ಸಿಗೋದೇ ಅಪರೂಪ. ನಿಮ್ಮ ನೆನಪಾಯ್ತು."

"ಯಾಕೆ ಅಮ್ಮ ಇದೆಲ್ಲ?"

"ಮಿಕ್ಕಿದ ದುಡ್ಡು ಕರೆದು ಕೊಡ್ತಾರೆ ಅಂತ ನನಗೆ ಎಂತ ಗೊತ್ತು? ನೀವು ನಮ್ಮವರು ಇದ್ದದ್ದಕ್ಕೆ ಕೊಟ್ರು ಅಂತ ಸೊಸೆಗೆ ಹೇಳಿದೆ."

ಅವರು ಎದ್ದು ಹೋಗಲಿಲ್ಲ. ಸೆರಗನ್ನು ಸರಿಮಾಡಿಕೊಂಡು, ಆಚೆ ಈಚೆ ನೋಡಿ, ಗಾಜಿನ ಹತ್ತಿರ ಬಾಗಿದರು. ಬಂದದ್ದು ಚೆಕ್ಕಿಗಾಗಿ ಅಲ್ಲ ಎಂದು ಆಗ ತಿಳಿಯಿತು.

"ಆಚಾರ್ರೇ, ಒಂದು ಕೇಳ್ತೇನೆ. ಮಾರಿದ ಮೇಲೆ ಅವ್ರು ತುಂಡು ಮಾಡ್ತಾರಲ್ಲ. ಒಳಗೆ ಎಂತ ಇತ್ತು ಅಂತ ನಿಮ್ಗೆ ಗೊತ್ತಾಗಿರ್ಬೇಕು."

ನಾನು ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ.

"ಬಳೆ ಹೋಯ್ತು, ಹೋಗ್ಲಿ. ಸಾಲ ತೆಗ್ದದ್ದು ನಾವೇ. ಆದ್ರೆ ಆ ದಿನ ನೀವು ಹೇಳಿದ ಮೇಲೆ ಮನೆಯಲ್ಲಿ ಅವರ ಮಾತು ಬಂದಾಗೆಲ್ಲ ಸೊಸೆ ನಗ್ತಾಳೆ. ಮಗನೂ ನಗ್ತಾನೆ. ನನಗೂ ಒಂದೊಂದು ಸಲ, ಬದುಕಿದಷ್ಟು ದಿನ ನನ್ನ ಹತ್ರ ಸುಳ್ಳು ಹೇಳಿದ್ರೋ ಏನೋ ಅಂತ ಆಗ್ತದೆ. ಅದೊಂದು ಗೊತ್ತಾದ್ರೆ ಸಾಕು."

ಗುಳ್ಳೆಗಳು ನನ್ನ ಕಣ್ಣ ಮುಂದೆ ಏರುತ್ತಿದ್ದವು. ಗಾಳಿ ಎಂದು ಹೇಳಿದ್ದರೆ ಅವರು ಕಂಪನಿಯ ಮೇಲೆ ಕೇಸು ಹಾಕುತ್ತಿರಲಿಲ್ಲ. ಕೂಗುತ್ತಿರಲಿಲ್ಲ. ನನಗೆ ಈಗ ಅನ್ನಿಸುವುದು, ಬಹುಶಃ ಅವರು ಆ ಗಾಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಗುತ್ತ ಮನೆಗೆ ಹೋಗುತ್ತಿದ್ದರು. ಹದಿಮೂರು ಸಾವಿರದ ಚೆಕ್ಕನ್ನು ಮರೆತೇ ಹೋಗುತ್ತಿದ್ದರೋ ಏನೋ.

"ಅರಗು, ಅಮ್ಮ," ಎಂದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಒರೆಗಲ್ಲಿನ ಮೇಲೆ ಹನಿ ಬಿದ್ದ ಮೇಲೆ ಗೆರೆ ನೋಡುವ ಹಾಗೆ. ಆಮೇಲೆ ತಲೆ ತಗ್ಗಿಸಿದರು.

"ಪಾಪ," ಎಂದರು. "ಅವ್ರಿಗೂ ಗೊತ್ತಿರ್ಲಿಕ್ಕಿಲ್ಲ. ಎದುರಲ್ಲೇ ಕೂತಿದ್ರೂ ಕಣ್ಣು ತಪ್ಪಿಸಿರ್ಬೇಕು. ಅವ್ರು ಪಾಪದವರು."

ಡಬ್ಬಿ ಆಮೇಲೆ ಕೊಟ್ಟರೆ ಸಾಕು ಎಂದು ಹೇಳಿ ಹೊರಟರು. ಗಾಜಿನ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ಒಮ್ಮೆ ನಿಂತರು. ಸೆಕ್ಯುರಿಟಿಯವನು ತೆರೆದುಕೊಟ್ಟ. ಸ್ಟೇಷನ್ ರೋಡಿನ ಜನಜಂಗುಳಿಯಲ್ಲಿ ಆ ಸಣ್ಣ ತುರುಬು ಸೇರಿಹೋಯಿತು.

ನಾನು ಮುಂದಿನ ವರ್ಷ ಆ ಕೆಲಸ ಬಿಟ್ಟೆ. ಬಿಡುವ ಮೊದಲು ಹೊಸದಾಗಿ ಸೇರಿದ ಅಪ್ರೈಸರಿಗೆ ಒಂದೇ ಮಾತು ಕಲಿಸಿದೆ: ತೂತು ಕಂಡರೆ ಮೊದಲು ತೊಳೆ, ಆಮೇಲೆ ಸೂಜಿ ಹಾಕು. ಯಾಕೆ ಎಂದು ಅವನು ಕೇಳಿದ. ಹೇಳಲಿಲ್ಲ. ಸ್ಟೀಲಿನ ಡಬ್ಬಿ ನಮ್ಮ ಅಡುಗೆಮನೆಯಲ್ಲಿದೆ. ಹೆಂಡತಿ ಅದರಲ್ಲಿ ಜೀರಿಗೆ ಹಾಕುತ್ತಾಳೆ. ಅದನ್ನು ಹಿಂದಿರುಗಿಸುವ ನೆಪದಲ್ಲಿ ಎರಡು ಸಲ ಫೈಲಿನಿಂದ ಬರೆದುಕೊಂಡ ವಿಳಾಸಕ್ಕೆ ಹೋದೆ. ಮೊದಲನೆಯ ಸಲ ಕಟ್ಟಡದ ಗೇಟಿನಿಂದ ಹಿಂದೆ ಬಂದೆ. ಎರಡನೆಯ ಸಲ ಗೇಟು ದಾಟಿ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಮರಾಠಿ ಹುಡುಗಿ ಹಿಂದಿನವರು ಖಾಲಿ ಮಾಡಿ ಹೋಗಿದ್ದಾರೆ, ಎಲ್ಲಿಗೆ ಎಂದು ಗೊತ್ತಿಲ್ಲ ಎಂದಳು.

ಆ ಅಮ್ಮನ ಹೆಸರು ನನಗೆ ನೆನಪಿದೆ. ಒಂದೊಂದೇ ಅಕ್ಷರ ಕೂಡಿಸಿ ಮಾಡಿದ ಆ ಸಹಿಯೂ ನೆನಪಿದೆ. ಅದನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದದ್ದು, ಕೇಳದೆ ಉಳಿದದ್ದು, ಅಂಬರನಾಥದ ಕ್ಯಾಂಟೀನಿನಲ್ಲಿ ದೋಸೆ ಹುಯ್ದು ಹೆಂಡತಿಗೆ ನಿಜವನ್ನೇ ಹೇಳಿದ್ದ ಒಬ್ಬ ಮನುಷ್ಯನ ಹೆಂಡತಿಯಲ್ಲಿ.